ಅವ್ವನ ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ಲಿವರ್ ಹೆಮಾಂಜಿಯೋಮಾ, ಜೊತೆಗೆ ಸಿಸ್ಟ್ ಅಂತ ಬಂದಿದೆ. ಸಿ.ಟಿ. ಮಾಡಿಸಲೇಬೇಕಾ?

ರಾಣೆಬೆನ್ನೂರ ಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ 52 ವರ್ಷ. ಊಟ ಆದ ಮೇಲೆ ಎದೆ ಕೆಳಗೆ ಉರಿ, ಹುಳಿ ತೇಗು, ಕೆಲವು ತಿಂಗಳಿಂದ ಇದೇ ಗೋಳು. ಪಿತ್ತಕೋಶದಲ್ಲಿ ಕಲ್ಲು ಇರಬಹುದು ಅಂತ ಇಲ್ಲಿನ ಡಾಕ್ಟರು ಹೊಟ್ಟೆ ಸ್ಕ್ಯಾನಿಂಗ್ ಬರೆದುಕೊಟ್ಟರು. ಕಲ್ಲು ಇಲ್ಲ. ಆದರೆ ರಿಪೋರ್ಟ್‌ನಲ್ಲಿ ಬೇರೆಯೇ ಬಂದಿದೆ. ಲಿವರ್‌ನ ಬಲ ಲೋಬ್, ಸೆಗ್ಮೆಂಟ್ 7ರಲ್ಲಿ 21 x 18 ಮಿ.ಮೀ. ಬಿಳಿ ಗಂಟು, ಹೆಮಾಂಜಿಯೋಮಾ ಇರಬಹುದು ಅಂತ ಇದೆ. ಸೆಗ್ಮೆಂಟ್ 4ರಲ್ಲಿ 34 ಮಿ.ಮೀ. ಸಿಂಪಲ್ ಸಿಸ್ಟ್. ಗ್ರೇಡ್ 1 ಫ್ಯಾಟಿ ಲಿವರ್. ಕೊನೆಯಲ್ಲಿ ಸಿ.ಇ.ಸಿ.ಟಿ., ಅಂದರೆ ಬಣ್ಣದ ಔಷಧ ಕೊಟ್ಟು ತೆಗೆಯುವ ಸಿ.ಟಿ., ಮಾಡಿಸುವುದು ಒಳ್ಳೆಯದು ಅಂತ ಒಂದು ಸಾಲು.

ಆ ಕೊನೆಯ ಸಾಲು ಓದಿದ ಮೇಲೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಅಪ್ಪಾ ಕ್ಯಾನ್ಸರ್ ಅಂತಲೇ ತಿಳಿದುಕೊಂಡಿದ್ದಾರೆ. ಅವ್ವ ಊಟ ಬಿಟ್ಟಿದ್ದಾರೆ. ಹುಬ್ಬಳ್ಳಿಗೆ ಹೋಗಿ ಸಿ.ಟಿ. ಮಾಡಿಸಲೇಬೇಕಾ? ಆಪರೇಷನ್ ಬೇಕಾಗುತ್ತದಾ? ಇಂಥದ್ದು ಯಾರಿಗಾದರೂ ಆಗಿದ್ದರೆ ಹೇಳಿ.

ಬ್ಯಾಡಗಿ ಮಾಮಾ

ತಂಗೀ, ಮೊದಲು ಅವ್ವನಿಗೆ ಊಟ ಮಾಡಿಸು. ಹೆಮಾಂಜಿಯೋಮಾ ಅಂದರೆ ರಕ್ತನಾಳದ ಗಂಟು, ಕ್ಯಾನ್ಸರ್ ಅಲ್ಲ, ಅದು ನನಗೆ ಗೊತ್ತು. ನಮ್ಮ ಅಂಗಡಿ ಪಾಲುದಾರರಿಗೂ ಇತ್ತು. ಆದರೆ ಒಳಗೆ ರಕ್ತ ತುಂಬಿರುತ್ತದೆ, ಪೆಟ್ಟು ಬಿದ್ದರೆ ಒಡೆದು ಹೊಟ್ಟೆಯಲ್ಲೆಲ್ಲ ರಕ್ತ ಆಗುತ್ತದೆ. ಹಾಗಾಗಿ ಭಾರ ಎತ್ತಬಾರದು, ಟೂ ವೀಲರ್ ಹಿಂದೆ ಕೂರಬಾರದು. ಚಿಕ್ಕದಿದ್ದಾಗಲೇ ತೆಗೆಸಿಬಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅಲ್ಲಿತನಕ ಅಮೃತಬಳ್ಳಿ ಕಷಾಯ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡಿ, ಲಿವರ್‌ಗೆ ಒಳ್ಳೆಯದು.

ಸ್ಕ್ಯಾನ್ ಕೋಣೆ, ಹುಬ್ಬಳ್ಳಿ

ನಾನು ದಿನಾ ಇದೇ ಸ್ಕ್ಯಾನ್ ಮಾಡುವ ರೇಡಿಯಾಲಜಿ ಡಾಕ್ಟರ್. ನಿಮ್ಮ ಅವ್ವನ ಫಿಲ್ಮ್ ನಾನು ನೋಡಿಲ್ಲ, ಆದ್ದರಿಂದ ಕೊನೆಯ ಮಾತು ನೋಡಿದ ಡಾಕ್ಟರರದೇ. ಆದರೆ ರಿಪೋರ್ಟ್ ಓದುವುದು ಹೇಗೆ ಅಂತ ಹೇಳಬಲ್ಲೆ.

ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಲಿವರ್‌ನಲ್ಲಿ ಹೀಗೆ ಅಚಾನಕ್ ಸಿಗುವ ಗಂಟುಗಳಲ್ಲಿ ಹೆಮಾಂಜಿಯೋಮಾ, ಸಿಂಪಲ್ ಸಿಸ್ಟ್ ಇವೇ ಜಾಸ್ತಿ. ಎರಡೂ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಕಾಣುತ್ತವೆ. ಒಂದೇ ಲಿವರ್‌ನಲ್ಲಿ ಎರಡೂ ಒಟ್ಟಿಗೆ ಇರುವುದೂ ಹೊಸದಲ್ಲ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ.

ಹೆಮಾಂಜಿಯೋಮಾ ಒಳಗೆ ಸ್ಪಂಜಿನ ಹಾಗೆ ಸಣ್ಣ ಸಣ್ಣ ರಕ್ತದ ಕೋಣೆಗಳಿರುತ್ತವೆ. ಆ ಕೋಣೆಗಳ ಗೋಡೆಗಳೆಲ್ಲ ಧ್ವನಿ ತರಂಗವನ್ನು ವಾಪಸ್ ಕಳಿಸುತ್ತವೆ, ಅದಕ್ಕೇ ಪರದೆ ಮೇಲೆ ಅದು ಬೆಳ್ಳಗೆ, ಅಂಚು ಸ್ಪಷ್ಟವಾಗಿ ಕಾಣುತ್ತದೆ. ರಕ್ತ ಇದ್ದರೂ, ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಹಾಕಿದರೆ ಸಾಮಾನ್ಯವಾಗಿ ಬಣ್ಣ ಬರುವುದಿಲ್ಲ, ಯಾಕೆಂದರೆ ಒಳಗೆ ರಕ್ತ ತುಂಬಾ ನಿಧಾನಕ್ಕೆ ಹರಿಯುತ್ತಿರುತ್ತದೆ. ರಿಪೋರ್ಟ್‌ನಲ್ಲಿ 'ರಕ್ತ ಸಂಚಾರ ಕಾಣಲಿಲ್ಲ' ಅಂತ ಬರೆದಿದ್ದರೆ ಅದಕ್ಕೆ ಗಾಬರಿ ಬೇಡ.

ಸಿಸ್ಟ್ ಇದಕ್ಕೆ ಉಲ್ಟಾ. ಬರೀ ತಿಳಿ ನೀರು. ನೀರಿನಿಂದ ಧ್ವನಿ ವಾಪಸ್ ಬರುವುದಿಲ್ಲ, ಹಾಗಾಗಿ ಪೂರ್ತಿ ಕಪ್ಪು. ಗೋಡೆ ಕಾಣದಷ್ಟು ತೆಳು, ಒಳಗೆ ಅಡ್ಡ ಪರದೆ ಇರಬಾರದು, ಗಂಟು ಇರಬಾರದು, ಸಿಸ್ಟ್ ಹಿಂದಿನ ಭಾಗ ಸುತ್ತಲಿಗಿಂತ ಬೆಳ್ಳಗೆ ಕಾಣಬೇಕು. ಇಷ್ಟಿದ್ದರೆ ಅದು ಸಿಂಪಲ್ ಸಿಸ್ಟ್. ಹುಟ್ಟುವ ಮೊದಲೇ ಲಿವರ್‌ನಲ್ಲಿ ಪಿತ್ತದ ನಾಳಗಳು ಬೆಳೆಯುವಾಗ ಒಂದಿಷ್ಟು ತುಂಡು ಮುಖ್ಯ ನಾಳಕ್ಕೆ ಸೇರದೆ ಉಳಿದುಬಿಡುತ್ತವೆ. ಅವು ವರ್ಷಗಟ್ಟಲೆ ನಿಧಾನಕ್ಕೆ ನೀರು ತುಂಬಿಕೊಂಡು ಹೀಗೆ ಆಗುತ್ತವೆ. ವಯಸ್ಸಾದಂತೆ ಜಾಸ್ತಿ ಕಾಣುವುದು ಅದಕ್ಕೇ.

ಈಗ ಆ ಕೊನೆಯ ಸಾಲಿನ ವಿಷಯ. ಸ್ಕ್ಯಾನ್ ಚೀಟಿಯಲ್ಲಿ ಹೆಚ್ಚಾಗಿ ನಮಗೆ ಬರುವುದು 'ಹೊಟ್ಟೆ ನೋವು' ಅನ್ನುವ ಎರಡು ಪದ. ರೋಗಿಗೆ ಹೆಪಟೈಟಿಸ್ ಇದೆಯಾ, ಹಿಂದೆ ಕ್ಯಾನ್ಸರ್ ಆಗಿತ್ತಾ, ಗೊತ್ತಿರುವುದಿಲ್ಲ. ಗೊತ್ತಿಲ್ಲದಿದ್ದಾಗ ಸಿ.ಟಿ. ಸಲಹೆ ಬರೆಯುತ್ತೇವೆ. ಆ ಸಾಲಿನ ಅರ್ಥ 'ಕ್ಯಾನ್ಸರ್ ಅನುಮಾನ ಇದೆ' ಅಂತಲ್ಲ, 'ಈ ರೋಗಿಯ ಹಿನ್ನೆಲೆ ನನಗೆ ತಿಳಿಯದು' ಅಂತ. ಹಿನ್ನೆಲೆ ಗೊತ್ತಾದರೆ ಎಷ್ಟೋ ಸಲ ಆ ಸಾಲೇ ಬೇಕಾಗುವುದಿಲ್ಲ.

ಹಾಗಾಗಿ ನೀವು ಇಷ್ಟು ಹೇಳಿ. ಹೆಪಟೈಟಿಸ್ ಬಿ, ಸಿ ಪರೀಕ್ಷೆ ಆಗಿದೆಯಾ? ಕುಡಿತ? ಮೊದಲು ಸ್ತನ, ಕರುಳು, ಕಿಡ್ನಿ, ಎಲ್ಲಿಯಾದರೂ ಕ್ಯಾನ್ಸರ್ ಆಗಿತ್ತಾ? ತೂಕ ಇಳಿದಿದೆಯಾ? ಲಿವರ್ ಫಂಕ್ಷನ್ ಟೆಸ್ಟ್, ಪ್ಲೇಟ್‌ಲೆಟ್ ಎಷ್ಟಿದೆ? ಮತ್ತೆ ಇದು ತುಂಬಾ ಮುಖ್ಯ: ಹಿಂದೆ ಯಾವಾಗಲಾದರೂ ಯಾವುದೇ ಕಾರಣಕ್ಕೆ ಹೊಟ್ಟೆ ಸ್ಕ್ಯಾನ್ ಆಗಿತ್ತಾ? ಇದ್ದರೆ ಆ ಹಳೆ ರಿಪೋರ್ಟ್ ಹುಡುಕಿ.

ಬ್ಯಾಡಗಿ ಮಾಮಾ, ಕ್ಯಾನ್ಸರ್ ಅಲ್ಲ ಅಂದದ್ದು ಸರಿ. ಅದು ಮುಂದೆ ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. ಆದರೆ ಒಡೆಯುವ ಮಾತಿದೆಯಲ್ಲ, ಅದು ತುಂಬಾ ಅಪರೂಪ. ಹಾಗೆ ಆದ ಕೇಸುಗಳೂ ಹೆಚ್ಚಾಗಿ ಭಾರಿ ದೊಡ್ಡ ಗಂಟುಗಳವು, ಲಿವರ್ ಅಂಚಿನಲ್ಲಿ ಹೊರಗೆ ಚಾಚಿಕೊಂಡಂಥವು. 2 ಸೆಂ.ಮೀ. ಗಂಟಿಗೆ ಹೆದರಿ ಗಾಡಿ ಹತ್ತದೆ ಕೂರುವುದು ಬೇಡ. ಅದನ್ನು ತೆಗೆಸಲು ಲಿವರ್ ಆಪರೇಷನ್ ಮಾಡಿಸುವ ಅಪಾಯ, ಗಂಟನ್ನು ಸುಮ್ನೆ ಬಿಡುವ ಅಪಾಯಕ್ಕಿಂತ ಎಷ್ಟೋ ಪಾಲು ಜಾಸ್ತಿ. ಅಮೃತಬಳ್ಳಿ ಬಗ್ಗೆಯೂ ಒಂದು ಮಾತು. ಅದನ್ನು ದಿನಾ ಕುಡಿದವರಲ್ಲಿ ಕೆಲವರಿಗೆ ಲಿವರ್‌ಗೇ ಪೆಟ್ಟಾದ ಕೇಸುಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಈಗ ಲಿವರ್ ಟೆಸ್ಟ್ ಮಾಡಿಸಬೇಕಾದ ಹೊತ್ತಿನಲ್ಲಿ ಅದನ್ನು ಶುರು ಮಾಡಬೇಡಿ.

ಮಾಳಮಡ್ಡಿ ಅಮ್ಮ

ಹೆಮಾಂಜಿಯೋಮಾಗೆ ಔಷಧ ಇದೆಯಲ್ಲ! ನನ್ನ ಮಗಳು 2 ತಿಂಗಳ ಕೂಸಿದ್ದಾಗ ಕೆನ್ನೆ ಮೇಲೆ ಕೆಂಪು ಗಂಟು ಬಂದು ದೊಡ್ಡದಾಗುತ್ತಾ ಹೋಯಿತು. ಧಾರವಾಡದ ಮಕ್ಕಳ ಡಾಕ್ಟರು ಹೆಮಾಂಜಿಯೋಮಾ ಅಂತ ಹೇಳಿ ಪ್ರೊಪ್ರನಲಾಲ್ ಶುರು ಮಾಡಿದರು. ಒಂದು ವರ್ಷದೊಳಗೆ ಪೂರ್ತಿ ಮಾಸಿತು. ನಿಮ್ಮ ಅವ್ವನಿಗೂ ಅದನ್ನೇ ಕೇಳಿ ನೋಡಿ, ಆಪರೇಷನ್ ತಪ್ಪುತ್ತದೆ.

ಸ್ಕ್ಯಾನ್ ಕೋಣೆ, ಹುಬ್ಬಳ್ಳಿ

ಅಮ್ಮಾ, ನಿಮ್ಮ ಮಗಳಿಗೆ ಕೊಟ್ಟದ್ದು ಸರಿಯಾದ ಚಿಕಿತ್ಸೆಯೇ. ಆದರೆ ಹೆಸರು ಒಂದೇ ಇದ್ದರೂ ಕಾಯಿಲೆ ಬೇರೆ. ಕೂಸುಗಳಲ್ಲಿ ಬರುವುದು ಬೇಗ ಬೆಳೆದು ಆಮೇಲೆ ತಾನೇ ಕುಗ್ಗುವ ಜಾತಿಯದು, ಅದರ ಮೇಲೆ ಪ್ರೊಪ್ರನಲಾಲ್ ಕೆಲಸ ಮಾಡುತ್ತದೆ. ದೊಡ್ಡವರ ಲಿವರ್‌ನಲ್ಲಿ ಇರುವುದು ರಕ್ತನಾಳ ಹಿಗ್ಗಿ ಆದ ಗಂಟು. ಅದಕ್ಕೆ ಈ ಔಷಧ ಕೊಡುವ ಪದ್ಧತಿ ಇಲ್ಲ. ಪ್ರೊಪ್ರನಲಾಲ್ ನಾಡಿ ಬಡಿತ, ಬಿಪಿ ಇಳಿಸುವ ಮಾತ್ರೆ, ಯಾರೂ ತಾವಾಗಿ ತಗೋಬೇಡಿ.

ನೀವು ಎತ್ತಿದ ಮಾತಿನಿಂದ ಕೂಸುಗಳ ತಾಯಂದಿರಿಗೆ ಒಂದು ವಿಷಯ ಹೇಳಬಹುದು. ಮಗುವಿನ ಚರ್ಮದ ಮೇಲೆ ಇಂಥ ಕೆಂಪು ಗಂಟು 5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಲಿವರ್ ಸ್ಕ್ಯಾನ್ ಮಾಡಿಸಬೇಕು. ಒಳಗೂ ಇರಬಹುದು.

ಗದಗ ಮೇಷ್ಟ್ರು

ಎಲ್ಲರೂ ಏನೂ ಆಗುವುದಿಲ್ಲ ಅನ್ನುತ್ತಿದ್ದೀರಿ. ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ, ಯಾಕೆಂದರೆ ಇದು ಎಲ್ಲರಿಗೂ ಒಂದೇ ಅಲ್ಲ.

ನಮ್ಮ ಅಪ್ಪಾಜಿಗೆ ಹೆಪಟೈಟಿಸ್ ಬಿ ಇತ್ತು. ಸ್ಕ್ಯಾನ್‌ನಲ್ಲಿ ಒಂದೂವರೆ ಸೆಂ.ಮೀ. ಬಿಳಿ ಚುಕ್ಕೆ ಕಂಡಿತು, ಒಂದು ಸೆಂಟರ್‌ನವರು ಹೆಮಾಂಜಿಯೋಮಾ ಅಂತ ಬರೆದು ಕೊಟ್ಟರು. ಲಿವರ್ ಕ್ಯಾನ್ಸರ್ ಸುಳಿವಿಗೆ ಮಾಡುವ ಎ.ಎಫ್.ಪಿ. ರಕ್ತ ಪರೀಕ್ಷೆಯೂ ನಾರ್ಮಲ್. ನಾವು ನಿರಾಳ ಆಗಿದ್ದೆವು. ಆದರೆ ಹುಬ್ಬಳ್ಳಿಯ ಗ್ಯಾಸ್ಟ್ರೋ ಡಾಕ್ಟರು ಕೇಳಲಿಲ್ಲ, ಹೆಪಟೈಟಿಸ್ ಬಿ ಇರುವವರಲ್ಲಿ ಬಿಳಿ ಗಂಟು ಕಂಡರೆ ಎಂ.ಆರ್.ಐ. ಆಗದೆ ಬಿಡುವುದಿಲ್ಲ ಅಂದರು. ಎಂ.ಆರ್.ಐ.ನಲ್ಲಿ ಅದು ಲಿವರ್ ಕ್ಯಾನ್ಸರ್ ಅಂತ ಗೊತ್ತಾಯಿತು. ಚಿಕ್ಕದಿದ್ದಾಗಲೇ ಸಿಕ್ಕಿತು, ಸೂಜಿ ಹಾಕಿ ಸುಟ್ಟರು, ಅಪ್ಪಾಜಿ ಈಗಲೂ ಬೆಳಿಗ್ಗೆ ಭೀಷ್ಮ ಕೆರೆ ಸುತ್ತ ನಡೆಯುತ್ತಾರೆ. ಬಿಳಿ ಇದ್ದರೆ ಹೆಮಾಂಜಿಯೋಮಾ ಅಂತ ಕಣ್ಣು ಮುಚ್ಚಿ ನಂಬಬೇಡಿ.

ಸ್ಕ್ಯಾನ್ ಕೋಣೆ, ಹುಬ್ಬಳ್ಳಿ

ಮೇಷ್ಟ್ರೇ, ನೀವು ಬರೆದದ್ದು ಈ ಇಡೀ ಮಾತಿನ ತಿರುಳು. ಒಂದೇ ಬಿಳಿ ಚುಕ್ಕೆ ಇಬ್ಬರ ಲಿವರ್‌ನಲ್ಲಿ ಎರಡು ಬೇರೆ ಬೇರೆ ಅರ್ಥ ಕೊಡುತ್ತದೆ. ಆರೋಗ್ಯವಾದ ಲಿವರ್, ಕ್ಯಾನ್ಸರ್ ಹಿನ್ನೆಲೆ ಇಲ್ಲ, ಗಂಟು 3 ಸೆಂ.ಮೀ.ಗಿಂತ ಚಿಕ್ಕದು, ಒಂದೇ ಸಮ ಬೆಳ್ಳಗೆ, ಅಂಚು ಸ್ಪಷ್ಟ. ಇಷ್ಟಿದ್ದರೆ ಅಲ್ಟ್ರಾಸೌಂಡ್ ಸಾಕು, ಮುಂದಿನ ಪರೀಕ್ಷೆ ಬೇಡ. ಇದು ನನ್ನ ಸ್ವಂತ ಧೈರ್ಯದ ಮಾತಲ್ಲ, ಯುರೋಪಿನ ಲಿವರ್ ತಜ್ಞರ ಸಂಘ 2016ರ ತನ್ನ ಮಾರ್ಗಸೂಚಿಯಲ್ಲಿ ಹೀಗೇ ಹೇಳಿದೆ. ಆದರೆ ಹೆಪಟೈಟಿಸ್ ಬಿ ಇದ್ದರೆ, ಲಿವರ್ ಸಿರೋಸಿಸ್ ಆಗಿದ್ದರೆ, ಮೊದಲು ಎಲ್ಲಾದರೂ ಕ್ಯಾನ್ಸರ್ ಆಗಿದ್ದರೆ ಅದೇ ಬಿಳಿ ಚುಕ್ಕೆಯನ್ನು ಹಾಗೆ ಬಿಡುವಂತಿಲ್ಲ. ಸಣ್ಣ ಲಿವರ್ ಕ್ಯಾನ್ಸರ್ ಕೂಡ ಬೆಳ್ಳಗೆ ಕಾಣಬಹುದು, ಕರುಳಿನ ಕ್ಯಾನ್ಸರ್ ಲಿವರ್‌ಗೆ ಹರಡಿದ್ದೂ ಬೆಳ್ಳಗೆ ಕಾಣಬಹುದು. ಎ.ಎಫ್.ಪಿ. ನಾರ್ಮಲ್ ಅಂದ ಮಾತ್ರಕ್ಕೆ ಸಣ್ಣ ಕ್ಯಾನ್ಸರ್ ಇಲ್ಲ ಅನ್ನಲಾಗದು. ನಿಮ್ಮ ಅಪ್ಪಾಜಿಯದೇ ಉದಾಹರಣೆ.

ಅಂಥವರಿಗೆ ಬಣ್ಣದ ಔಷಧ ಕೊಟ್ಟು ಹಂತ ಹಂತವಾಗಿ ತೆಗೆಯುವ ಸಿ.ಟಿ. ಅಥವಾ ಎಂ.ಆರ್.ಐ. ಬೇಕು. ಹೆಮಾಂಜಿಯೋಮಾದಲ್ಲಿ ಔಷಧ ಮೊದಲು ಅಂಚಿನಲ್ಲಿ ಅಲ್ಲಲ್ಲಿ ಗುಂಪಾಗಿ ಕಾಣುತ್ತದೆ, ಆಮೇಲೆ ಕೆಲವು ನಿಮಿಷದಲ್ಲಿ ನಿಧಾನಕ್ಕೆ ನಡುವಿನ ಕಡೆ ತುಂಬುತ್ತಾ ಬಂದು ಅಲ್ಲೇ ಉಳಿಯುತ್ತದೆ. ಲಿವರ್ ಕ್ಯಾನ್ಸರ್‌ನಲ್ಲಿ ಹೆಚ್ಚಾಗಿ ಶುರುವಿನಲ್ಲೇ ಜೋರಾಗಿ ತುಂಬಿ, ಬೇಗ ತೊಳೆದುಹೋಗುತ್ತದೆ. ಸೂಜಿ ಹಾಕಿ ಬಯಾಪ್ಸಿ ತೆಗೆಯುವುದನ್ನು ಹೆಮಾಂಜಿಯೋಮಾ ಅನುಮಾನ ಇದ್ದಾಗ ಆದಷ್ಟು ತಪ್ಪಿಸುತ್ತೇವೆ, ರಕ್ತ ಸೋರುವ ಅಪಾಯ ಇದೆ, ಫಿಲ್ಮಿನಲ್ಲೇ ಉತ್ತರ ಸಿಗುವಾಗ ಅದರ ಅಗತ್ಯವೂ ಇಲ್ಲ.

ನರಗುಂದದವಳು

ಡಾಕ್ಟರೇ, ನನಗೆ 29 ವರ್ಷ, ಲಿವರ್‌ನಲ್ಲಿ 3 ಸೆಂ.ಮೀ. ಹೆಮಾಂಜಿಯೋಮಾ ಅಂತ ಎಂ.ಆರ್.ಐ.ನಲ್ಲಿ ಖಾತ್ರಿ ಆಗಿದೆ. ಮದುವೆಯಾಗಿ ಒಂದು ವರ್ಷ. ಬಸುರಿನಲ್ಲಿ ಹಾರ್ಮೋನಿಗೆ ಬೆಳೆದು ಒಡೆಯುತ್ತದೆ ಅಂತ ನಮ್ಮ ಅತ್ತೆಯವರಿಗೆ ಯಾರೋ ಹೇಳಿದ್ದಾರೆ. ಮೊದಲು ತೆಗೆಸು, ಆಮೇಲೆ ಮಕ್ಕಳ ಮಾತು ಅನ್ನುತ್ತಿದ್ದಾರೆ. ಏನು ಮಾಡಲಿ?

ಸ್ಕ್ಯಾನ್ ಕೋಣೆ, ಹುಬ್ಬಳ್ಳಿ

ಅತ್ತೆಯವರಿಗೆ ಇದನ್ನು ಓದಿ ಹೇಳಿ. ಹಾರ್ಮೋನಿನಿಂದ ಕೆಲವರಲ್ಲಿ ಸ್ವಲ್ಪ ಬೆಳೆದದ್ದು ಉಂಟು, ಎಲ್ಲರಲ್ಲೂ ಅಲ್ಲ. ಆದರೆ ಬೆಳೆಯುವುದು ಬೇರೆ, ತೊಂದರೆ ಕೊಡುವುದು ಬೇರೆ. ನಾನು ಮೇಲೆ ಹೇಳಿದ ಅದೇ ಮಾರ್ಗಸೂಚಿಯಲ್ಲಿ ಬಸುರಿಗೂ ಗರ್ಭನಿರೋಧಕ ಮಾತ್ರೆಗೂ ಅಡ್ಡಿ ಇಲ್ಲ ಅಂತ ಇದೆ. 3 ಸೆಂ.ಮೀ. ಗಂಟಿಗಾಗಿ ಬಸುರು ಮುಂದೂಡುವುದಕ್ಕೆ ಕಾರಣವೇ ಇಲ್ಲ. ಹೆರಿಗೆ ಡಾಕ್ಟರರಿಗೆ ಮೊದಲ ಭೇಟಿಯಲ್ಲೇ ಎಂ.ಆರ್.ಐ. ರಿಪೋರ್ಟ್ ತೋರಿಸಿಬಿಡಿ. ಬಸುರಿನ ಸ್ಕ್ಯಾನಿನಲ್ಲಿ ಯಾರಾದರೂ ಅದನ್ನು ಹೊಸದಾಗಿ ಕಂಡು ಗಾಬರಿಪಡಿಸುವುದು ತಪ್ಪುತ್ತದೆ.

ನರಗುಂದದವಳು

ಅವರ ಮುಂದೆ ಕೂತು ಓದಿದೆ. ಅರ್ಧ ಒಪ್ಪಿದ್ದಾರೆ. ಡಾಕ್ಟರ ಬಾಯಿಂದಲೇ ಕೇಳಬೇಕಂತೆ, ಮುಂದಿನ ವಾರ ಅವರನ್ನೂ ಕರೆದುಕೊಂಡು ಹೋಗುತ್ತೇನೆ.

ಶಿರಹಟ್ಟಿ ಕುರಿಗಾರ

ಎಲ್ಲರೂ ರಕ್ತದ ಗಂಟಿನ ಮೇಲೇ ಮಾತಾಡುತ್ತಿದ್ದೀರಿ. ಆ ನೀರಿನ ಗುಳ್ಳೆ ಬಗ್ಗೆ ನಾನೊಂದು ಮಾತು ಕೇಳುತ್ತೇನೆ ಅಕ್ಕಾ. ನಿಮ್ಮ ಮನೆಯಲ್ಲಿ ಕುರಿ ಇದ್ದವಾ? ನಾಯಿ?

ನಮ್ಮದು ಕುರಿ ಮನೆತನ. ನಮ್ಮ ಕಾಕಾನಿಗೂ ಹೀಗೇ ಲಿವರ್‌ನಲ್ಲಿ ಸಿಸ್ಟ್ ಅಂತ ಬಂತು. ಮೊದಲು ಸಿಂಪಲ್ ಸಿಸ್ಟ್ ಅಂದರು. ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಮತ್ತೆ ನೋಡಿ ಹೈಡಾಟಿಡ್ ಅಂದರು, ನಾಯಿಯಿಂದ ಬರುವ ಹುಳದ್ದು. ಆಲ್ಬೆಂಡಜೋಲ್ ಮಾತ್ರೆ ಕೊಟ್ಟು ಆಪರೇಷನ್ ಮಾಡಿದರು. ಕುರಿ ಕೊಯ್ದಾಗ ಒಳಗಿನ ಗುಳ್ಳೆ ಬಂದ ಲಿವರ್, ಪುಪ್ಪುಸ ನಾಯಿಗೆ ಹಾಕುತ್ತಿದ್ದೆವು. ಅದರಿಂದಲೇ ಇದು ತಿರುಗುತ್ತದೆ ಅಂತ ಅಲ್ಲಿನ ಡಾಕ್ಟರು ತಿಳಿಸಿಕೊಟ್ಟರು. ಈಗ ನಮ್ಮ ದೊಡ್ಡಿಯಲ್ಲಿ ಅಂಥ ಲಿವರ್ ಕಂಡರೆ ಆಳ ಗುಂಡಿ ತೋಡಿ ಹೂಳುತ್ತೇವೆ. ನಾಯಿಗಳಿಗೂ ಹುಳದ ಮಾತ್ರೆ ಹಾಕಿಸುತ್ತೇವೆ.

ಬ್ಯಾಡಗಿ ಮಾಮಾ

ಹಾಗಿದ್ದರೆ ಸೂಜಿ ಹಾಕಿ ನೀರು ತೆಗೆದು ಟೆಸ್ಟ್‌ಗೆ ಕಳಿಸಿದರೆ ಗೊತ್ತಾಗುತ್ತದಲ್ಲ? ನೀರೂ ಖಾಲಿ ಆಗುತ್ತದೆ.

ಸ್ಕ್ಯಾನ್ ಕೋಣೆ, ಹುಬ್ಬಳ್ಳಿ

ಮಾಮಾ, ಅದನ್ನು ಮಾತ್ರ ಮಾಡಬಾರದು. ಹೈಡಾಟಿಡ್ ಆಗಿದ್ದರೆ ಆ ನೀರು ಹೊಟ್ಟೆಯೊಳಗೆ ಸೋರಿದಾಗ ಮೈಯೆಲ್ಲ ಅಲರ್ಜಿ ಆಗಿ ಬಿಪಿ ಕುಸಿಯಬಹುದು, ಹುಳದ ಮರಿಗಳು ಹೊಟ್ಟೆ ತುಂಬಾ ಹರಡಬಹುದು. ಹೈಡಾಟಿಡ್‌ಗೆ ಸೂಜಿ ಚಿಕಿತ್ಸೆ ಇದೆ, ಆದರೆ ಮೊದಲು ಆಲ್ಬೆಂಡಜೋಲ್ ಕೊಟ್ಟು, ತುರ್ತು ಔಷಧ ಎಲ್ಲ ಪಕ್ಕದಲ್ಲಿಟ್ಟುಕೊಂಡು, ಗೊತ್ತಿದ್ದವರು ಮಾಡುವ ಕೆಲಸ. ಇನ್ನು ನಿಜವಾದ ಸಿಂಪಲ್ ಸಿಸ್ಟ್ ಆಗಿದ್ದರೆ ಬರೀ ನೀರು ಎಳೆದು ಪ್ರಯೋಜನ ಇಲ್ಲ. ಒಳಗಿನ ಪದರ ನೀರು ಉತ್ಪಾದಿಸುತ್ತಲೇ ಇರುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ.

ಶಿರಹಟ್ಟಿಯವರ ಪ್ರಶ್ನೆ ನಮ್ಮ ಭಾಗಕ್ಕೆ ಕೇಳಲೇಬೇಕಾದದ್ದು. ಗದಗ, ಹಾವೇರಿ ಕಡೆ ಕುರಿ ಸಾಕುವ ಮನೆಗಳು ಎಷ್ಟಿವೆ ಅಂತ ನಮಗೆಲ್ಲ ಗೊತ್ತಲ್ವಾ. ಹೈಡಾಟಿಡ್‌ನ ಮೊದಲ ಹಂತ ನೋಡಲು ಸಿಂಪಲ್ ಸಿಸ್ಟ್ ಥರವೇ, ಒಂದೇ ಕೋಣೆ, ಒಳಗೆ ಕಪ್ಪು ನೀರು. ವ್ಯತ್ಯಾಸ ಇರುವುದು ಗೋಡೆಯಲ್ಲಿ. ಹೈಡಾಟಿಡ್‌ಗೆ ಗೋಡೆ ಕಣ್ಣಿಗೆ ಕಾಣುತ್ತದೆ, ಹತ್ತಿರದಿಂದ ನೋಡಿದರೆ ಎರಡು ಗೆರೆ ಥರ ಇರುತ್ತದೆ. ರೋಗಿಯನ್ನು ಮಗ್ಗುಲು ಬದಲಿಸಲು ಹೇಳಿದರೆ ಕೆಲವು ಸಲ ಒಳಗೆ ಸಣ್ಣ ಮರಳು ಕದಡಿದಂತೆ ಕಾಣುತ್ತದೆ. ಮುಂದಿನ ಹಂತಗಳಲ್ಲಿ ಒಳಗೆ ಮರಿ ಸಿಸ್ಟ್, ಕಳಚಿ ತೇಲುವ ಪೊರೆ, ಆಗ ಗುರುತು ತಪ್ಪುವುದಿಲ್ಲ. ರಕ್ತದಲ್ಲಿ ಎಲೈಸಾ ಪರೀಕ್ಷೆ ಇದೆ. ಪಾಸಿಟಿವ್ ಬಂದರೆ ಸಹಾಯ. ನೆಗೆಟಿವ್ ಬಂದರೆ ಪೂರ್ತಿ ಇಲ್ಲ ಅನ್ನಲಾಗದು, ಅದರಲ್ಲೂ ಶುರುವಿನ ಹಂತದಲ್ಲಿ ನೆಗೆಟಿವ್ ಬರುವುದು ಜಾಸ್ತಿ. ಹಾಗಾಗಿ ಗೋಡೆಯನ್ನು ಚೆನ್ನಾಗಿ ನೋಡುವುದಕ್ಕೆ ಬದಲಿ ಇಲ್ಲ.

ರಾಣೆಬೆನ್ನೂರ ಹುಡುಗಿ

ಎಲ್ಲರಿಗೂ ಉತ್ತರ ಕೊಡುತ್ತೇನೆ, ತಡ ಆಯಿತು.

ಅವ್ವ ಕುಡಿಯುವುದಿಲ್ಲ, ಕ್ಯಾನ್ಸರ್ ಆಗಿಲ್ಲ. ತೂಕ ಇಳಿದಿಲ್ಲ. ಹೆಪಟೈಟಿಸ್ ಬಿ, ಸಿ ಎರಡೂ ಈಗ ಮಾಡಿಸಿದೆವು, ನೆಗೆಟಿವ್. ಲಿವರ್ ಟೆಸ್ಟ್ ನಾರ್ಮಲ್, ಪ್ಲೇಟ್‌ಲೆಟ್ 2,60,000. ಮನೆಯಲ್ಲಿ ಕುರಿ ಇಲ್ಲ, ಆದರೆ ಅವ್ವನ ತವರು ಹಿರೇಕೆರೂರು ಕಡೆ, ಅಲ್ಲಿ ಚಿಕ್ಕಂದಿನಲ್ಲಿ ಕುರಿ, ನಾಯಿ ಎರಡೂ ಇದ್ದವಂತೆ.

ಹಳೆ ರಿಪೋರ್ಟ್ ಸಿಕ್ಕಿತು! 2017ರಲ್ಲಿ ಗರ್ಭಕೋಶದ ತೊಂದರೆಗೆ ಸ್ಕ್ಯಾನ್ ಆಗಿತ್ತು. ಆ ಕಾಗದ ರೇಷನ್ ಕಾರ್ಡಿನ ಕವರ್‌ನಲ್ಲಿ ಇತ್ತು. ಅದರಲ್ಲಿ ಲಿವರ್ ಸಿಸ್ಟ್ 31 ಮಿ.ಮೀ. ಅಂತ ಒಂದೇ ಸಾಲು ಇದೆ. ಆಗ ಯಾರೂ ನಮಗೆ ಹೇಳಿರಲೂ ಇಲ್ಲ. ಆದರೆ ಬಿಳಿ ಗಂಟಿನ ಮಾತು ಅದರಲ್ಲಿಲ್ಲ. ಅಂದರೆ ಅದು ಹೊಸದಾಗಿ ಬಂದದ್ದಾ? ಇದೇ ಈಗ ಹೊಸ ಭಯ.

ಸ್ಕ್ಯಾನ್ ಕೋಣೆ, ಹುಬ್ಬಳ್ಳಿ

ಆ ಹಳೆ ಕಾಗದ ಒಂದು ಸಿ.ಟಿ.ಗಿಂತ ಬೆಲೆಯದ್ದು. ಇಷ್ಟು ವರ್ಷದಲ್ಲಿ 31 ಇದ್ದದ್ದು 34 ಆಗಿದೆ. 3 ಮಿ.ಮೀ. ವ್ಯತ್ಯಾಸ ಬೆಳವಣಿಗೆ ಅಂತಲೂ ಹೇಳಲಾಗದು, ಇಬ್ಬರು ಡಾಕ್ಟರರು ಒಂದೇ ದಿನ ಅಳೆದರೂ ಅಷ್ಟು ಹೆಚ್ಚು ಕಡಿಮೆ ಬರುತ್ತದೆ. ತವರಿನಲ್ಲಿ ಕುರಿ, ನಾಯಿ ಇದ್ದವು ಅಂದಿರಲ್ಲ, ಅದಕ್ಕಾಗಿ ಸ್ಕ್ಯಾನ್ ಮಾಡಿದವರ ಬಳಿ ಹೋಗಿ ಸಿಸ್ಟ್ ಗೋಡೆಯನ್ನು ಇನ್ನೊಂದು ಸಲ ಹತ್ತಿರದಿಂದ ನೋಡಲು ಕೇಳಿ. ಗೋಡೆ ಕಾಣದಷ್ಟು ತೆಳು ಅಂದರೆ ಅಲ್ಲಿಗೆ ಮುಗಿಯಿತು. ತೊಂದರೆ ಕೊಡದ ಸಿಂಪಲ್ ಸಿಸ್ಟ್‌ಗೆ ವರ್ಷ ವರ್ಷ ಸ್ಕ್ಯಾನ್ ಕೂಡ ಬೇಡ.

ಬಿಳಿ ಗಂಟು 2017ರಲ್ಲಿ ಬರೆದಿಲ್ಲ ಅಂದರೆ ಆಗ ಇರಲಿಲ್ಲ ಅಂತ ಅರ್ಥವಲ್ಲ. ಸೆಗ್ಮೆಂಟ್ 7 ಅಂದರೆ ಲಿವರ್‌ನ ಬಲಭಾಗದ ಮೇಲಿನ ಹಿಂಬದಿ, ಪಕ್ಕೆಲುಬಿನ ಅಡಿ, ಉಸಿರಾಟದ ವಪೆಗೆ ತಾಗಿಕೊಂಡಿರುವ ಜಾಗ. ರೋಗಿ ಜೋರಾಗಿ ಉಸಿರು ಎಳೆದು ಹಿಡಿದು, ಎಡಮಗ್ಗುಲಾಗಿ ಮಲಗಿದರೆ ಮಾತ್ರ ಚೆನ್ನಾಗಿ ಕಾಣುತ್ತದೆ. ಗರ್ಭಕೋಶ ನೋಡಲು ಬಂದವರಿಗೆ ಆ ಮೂಲೆ ಅಷ್ಟು ಹುಡುಕಿರಲಿಕ್ಕಿಲ್ಲ. ಸಿಸ್ಟ್ ಇರುವುದು ಸೆಗ್ಮೆಂಟ್ 4, ಅದು ಮುಂದೆಯೇ ಇದೆ, ಪ್ರೋಬ್ ಇಟ್ಟರೆ ಎದುರಿಗೇ ಬರುತ್ತದೆ, ಹಾಗಾಗಿ ಸಿಕ್ಕಿತು.

ನೀವು ಬರೆದ ವಿವರ ಎಲ್ಲ ಸರಿ ಇದ್ದರೆ ನಾನಾದರೆ ಸಿ.ಟಿ. ಮಾಡುತ್ತಿರಲಿಲ್ಲ. ಆದರೆ ರಿಪೋರ್ಟ್ ಬರೆದವರಿಗೆ ಈ ರಕ್ತ ಪರೀಕ್ಷೆಗಳನ್ನು ತೋರಿಸಿ ಕೇಳಿ. ಗಂಟು ಒಂದೇ ಸಮ ಬೆಳ್ಳಗಿದೆಯಾ, ಸುತ್ತ ಕಪ್ಪು ಉಂಗುರ ಇದೆಯಾ ಅಂತ ಕೇಳಿ. ಕಪ್ಪು ಉಂಗುರ ಇದ್ದರೆ ಹೆಮಾಂಜಿಯೋಮಾ ಅಂತ ಬಿಡುವಂತಿಲ್ಲ, ಆಗ ಎಂ.ಆರ್.ಐ. ಬೇಕೇ ಬೇಕು.

ಗದಗ ಮೇಷ್ಟ್ರು

ನಾನು ಆದರೂ ಒಂದು ಎಂ.ಆರ್.ಐ. ಮಾಡಿಸಿ ಮನಸ್ಸು ಹಗುರ ಮಾಡಿಕೊಳ್ಳಿ ಅನ್ನುತ್ತೇನೆ. ಒಂದು ಸಲದ ಖರ್ಚು, ಜೀವನಪೂರ್ತಿ ನೆಮ್ಮದಿ.

ಸ್ಕ್ಯಾನ್ ಕೋಣೆ, ಹುಬ್ಬಳ್ಳಿ

ಮೇಷ್ಟ್ರೇ, ನಿಮ್ಮ ಮನೆಯ ಅನುಭವಕ್ಕೆ ಅದು ಸಹಜ. ಆದರೆ ಎಂ.ಆರ್.ಐ. ಮಾಡಿದರೆ ಅದರಲ್ಲಿ ಇನ್ನೊಂದು ಸಣ್ಣ ಏನೋ ಸಿಗುತ್ತದೆ, ಅದಕ್ಕೆ ಮತ್ತೊಂದು ಪರೀಕ್ಷೆ, ಹೀಗೆ ಸುತ್ತುವವರನ್ನೂ ದಿನಾ ನೋಡುತ್ತೇನೆ. ಕೆಲವು ಡಾಕ್ಟರರು 6 ತಿಂಗಳ ಮೇಲೆ ಒಂದು ಸಲ ಅಲ್ಟ್ರಾಸೌಂಡ್ ಮಾಡಿ ಬಿಟ್ಟುಬಿಡುತ್ತಾರೆ. ಮಾರ್ಗಸೂಚಿ ಅದನ್ನೂ ಕೇಳುವುದಿಲ್ಲ, ಆದರೆ ಮನೆಯವರ ಭಯ ಜಾಸ್ತಿ ಇದ್ದರೆ ನಾನು ಅದಕ್ಕೆ ಬೇಡ ಅನ್ನುವುದಿಲ್ಲ.

ಗದಗ ಮೇಷ್ಟ್ರು

ಇದರಲ್ಲಿ ನಿಮ್ಮ ಮಾತು ನನಗೆ ಪೂರ್ತಿ ಒಪ್ಪಿಗೆ ಆಗುವುದಿಲ್ಲ. ಇರಲಿ.

ರಾಣೆಬೆನ್ನೂರ ಹುಡುಗಿ

ಸ್ಕ್ಯಾನ್ ಮಾಡಿದ ಡಾಕ್ಟರರ ಬಳಿ ಹಳೆ ಕಾಗದ, ರಕ್ತದ ರಿಪೋರ್ಟ್ ಎರಡೂ ತಗೊಂಡು ಹೋದೆವು. ಮತ್ತೆ ಮಲಗಿಸಿ ನೋಡಿದರು. ಸಿಸ್ಟ್ ಗೋಡೆ ಕಾಣುವುದೇ ಇಲ್ಲ, ಒಳಗೆ ಏನೂ ಇಲ್ಲ ಅಂದರು. ಬಿಳಿ ಗಂಟಿಗೆ ಕಪ್ಪು ಉಂಗುರ ಇಲ್ಲ. ಸಿ.ಟಿ. ಬೇಡ, ಬೇಕಿದ್ದರೆ 6 ತಿಂಗಳಿಗೆ ಒಂದು ಸಲ ಬನ್ನಿ ಅಂತ ರಿಪೋರ್ಟ್ ಕೆಳಗೆ ಪೆನ್ನಲ್ಲೇ ಬರೆದು ಸಹಿ ಹಾಕಿದರು. ನಾವು 6 ತಿಂಗಳಿಗೆ ಹೋಗಿ ಬರಬೇಕು ಅಂತ ಮಾಡಿದ್ದೇವೆ, ಅಪ್ಪಾನ ಸಮಾಧಾನಕ್ಕೆ.

ಉರಿ ಇನ್ನೂ ಇದೆಯಲ್ಲ ಅಂತ ಕೇಳಿದ್ದಕ್ಕೆ, ಈ ಎರಡರಿಂದ ಉರಿ ಬರುವುದಿಲ್ಲ, ಗ್ಯಾಸ್ಟ್ರೋ ಡಾಕ್ಟರರಿಗೆ ತೋರಿಸಿ ಅಂದರು. ಎಂಡೋಸ್ಕೋಪಿ ಆಯಿತು, ಜಠರದ ಒಳಪದರ ಕೆಂಪಾಗಿ ಸವೆದಿದೆ. ಅವ್ವ ಮಂಡಿ ನೋವಿಗೆ ಮೆಡಿಕಲ್ ಶಾಪ್‌ನಿಂದ ತಾವೇ ಮಾತ್ರೆ ತಂದು ನುಂಗುತ್ತಿದ್ದರು, ಅದರಿಂದ ಅಂತೆ. ಆ ಮಾತ್ರೆ ಬಿಡಿಸಿದ್ದಾರೆ, ಆಸಿಡ್ ಕಡಿಮೆ ಮಾಡುವ ಮಾತ್ರೆ ಕೊಟ್ಟಿದ್ದಾರೆ.

ನವನಗರದಿಂದ

ಇಲ್ಲಿ ಚಿಕ್ಕ ಗಂಟಿನವರೇ ಇದ್ದೀರಿ. ನಂದು 9 ಸೆಂ.ಮೀ., ಎಡ ಲೋಬ್‌ನಲ್ಲಿ, ಎಂ.ಆರ್.ಐ.ನಲ್ಲಿ ಹೆಮಾಂಜಿಯೋಮಾ ಅಂತ ಪಕ್ಕಾ. 46 ವರ್ಷ. ಎರಡು ರೊಟ್ಟಿ ತಿಂದರೆ ಹೊಟ್ಟೆ ತುಂಬಿದಂತಾಗುತ್ತದೆ, ಮೇಲ್ಹೊಟ್ಟೆಯಲ್ಲಿ ಸದಾ ಒಂದು ಭಾರ. ಒಬ್ಬ ಸರ್ಜನ್ ತೆಗೆಯೋಣ ಅನ್ನುತ್ತಾರೆ. ಇನ್ನೊಬ್ಬರು ಸುಮ್ನೆ ಬಿಡಿ ಅನ್ನುತ್ತಾರೆ. ಇಬ್ಬರೂ ಹೆಸರಿರುವವರೇ. ಯಾರ ಮಾತು ಕೇಳಲಿ?

ಸ್ಕ್ಯಾನ್ ಕೋಣೆ, ಹುಬ್ಬಳ್ಳಿ

ನಿಮ್ಮದು ಬೇರೆ ಲೆಕ್ಕ. 5 ಸೆಂ.ಮೀ. ದಾಟಿದ್ದನ್ನು ಹೆಚ್ಚಿನವರು ದೈತ್ಯ ಹೆಮಾಂಜಿಯೋಮಾ ಅನ್ನುತ್ತಾರೆ. ಆದರೆ ಬರೀ ಅಳತೆ ನೋಡಿ ಆಪರೇಷನ್ ಮಾಡುವುದಿಲ್ಲ, 9 ಸೆಂ.ಮೀ. ಇಟ್ಟುಕೊಂಡು ಏನೂ ತೊಂದರೆ ಇಲ್ಲದೆ ಇರುವವರೂ ಇದ್ದಾರೆ. ಪ್ರಶ್ನೆ ಇರುವುದು ನಿಮ್ಮ ತೊಂದರೆ ನಿಜಕ್ಕೂ ಆ ಗಂಟಿನದಾ ಅಂತ. ಎಡ ಲೋಬ್ ಜಠರದ ಮೇಲೇ ಕೂತಿರುತ್ತದೆ, ಅಲ್ಲಿ ದೊಡ್ಡ ಗಂಟಿದ್ದರೆ ಜಠರ ಒತ್ತಿ ಬೇಗ ಹೊಟ್ಟೆ ತುಂಬಿದಂತೆ ಆಗುವುದು ಸಾಧ್ಯ. ಎಂ.ಆರ್.ಐ. ಫಿಲ್ಮಿನಲ್ಲಿ ಜಠರ ಚಪ್ಪಟೆಯಾಗಿ ಒತ್ತಿಕೊಂಡಿದೆಯಾ ಅಂತ ಕೇಳಿ. ಆದರೆ ಮೇಲೆ ನೋಡಿದಿರಲ್ಲ, ಗ್ಯಾಸ್ಟ್ರೈಟಿಸ್‌ನಲ್ಲೂ, ಪಿತ್ತಕೋಶದ ಕಲ್ಲಿನಲ್ಲೂ ಇದೇ ಥರ ಆಗುತ್ತದೆ. ಎಂಡೋಸ್ಕೋಪಿ ಆಗದಿದ್ದರೆ ಮೊದಲು ಅದು ಆಗಲಿ. ಗಂಟು ತೆಗೆಸಿಕೊಂಡ ಮೇಲೂ ನೋವು ಹಾಗೇ ಉಳಿದವರಿದ್ದಾರೆ, ಯಾಕೆಂದರೆ ನೋವಿನ ಮೂಲ ಬೇರೆ ಇತ್ತು.

ಜೊತೆಗೆ ಪ್ಲೇಟ್‌ಲೆಟ್ ಮತ್ತು ರಕ್ತ ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜೆನ್ ನೋಡಿಸಿ. ಭಾರಿ ದೊಡ್ಡ ಗಂಟುಗಳಲ್ಲಿ ಅಪರೂಪಕ್ಕೆ ಒಳಗೇ ರಕ್ತ ಹೆಪ್ಪುಗಟ್ಟಿ ಇವೆರಡೂ ಇಳಿಯುತ್ತವೆ. ಇಳಿದಿದ್ದರೆ ಆಗ ಕಾಯುವ ಮಾತಿಲ್ಲ.

ನವನಗರದಿಂದ

ಪ್ಲೇಟ್‌ಲೆಟ್ ಚೆನ್ನಾಗಿದೆ. ಫೈಬ್ರಿನೋಜೆನ್ ಯಾರೂ ಬರೆದಿಲ್ಲ. ಎಂಡೋಸ್ಕೋಪಿ ಆಗಿದೆ, ಒಳಗೆ ಹುಣ್ಣಿಲ್ಲ, ಹೊರಗಿನಿಂದ ಏನೋ ಒತ್ತಿದ ಗುರುತಿದೆ ಅಂತ ಬರೆದಿದ್ದಾರೆ. ಹಾಗಾದರೆ ಆಪರೇಷನ್ ಅಂತಲೇ ಆಯಿತಲ್ವಾ?

ಸ್ಕ್ಯಾನ್ ಕೋಣೆ, ಹುಬ್ಬಳ್ಳಿ

ಆ ಕಡೆ ತೂಗುತ್ತಿದೆ, ಆದರೆ ತೀರ್ಮಾನ ನಾನು ಇಲ್ಲಿಂದ ಕೊಡಲಾರೆ. ಎಷ್ಟು ತಿನ್ನುತ್ತೀರಿ, ತೂಕ ಇಳಿಯುತ್ತಿದೆಯಾ, ಭಾರ ಅನ್ನಿಸುವುದು ನಿಮ್ಮ ಕೆಲಸಕ್ಕೆ ಅಡ್ಡ ಬರುತ್ತಿದೆಯಾ, ಇದರ ಮೇಲೆ ಹೋಗುತ್ತದೆ. ಲಿವರ್ ಆಪರೇಷನ್‌ಗಳನ್ನೇ ಹೆಚ್ಚಾಗಿ ಮಾಡುವ ಸರ್ಜನ್ ಒಬ್ಬರಿಗೆ ಎಂ.ಆರ್.ಐ. ಸಿ.ಡಿ. ಸಮೇತ ತೋರಿಸಿ. ಗಂಟನ್ನು ಮಾತ್ರ ಸುಲಿದು ತೆಗೆಯಲಾಗುತ್ತದಾ, ಇಲ್ಲ ಎಡ ಲೋಬ್‌ನ ಭಾಗವೇ ಹೋಗಬೇಕಾ ಅಂತ ಕೇಳಿ. ರಕ್ತನಾಳ ಮುಚ್ಚಿ ಕುಗ್ಗಿಸುವ ಎಂಬೊಲೈಸೇಷನ್ ಕೂಡ ಇದೆ, ಅದರ ನಂತರ ಕೆಲವರಲ್ಲಿ ಜ್ವರ, ನೋವು ಬರುತ್ತದೆ, ಎಲ್ಲರಲ್ಲೂ ಸಾಕಷ್ಟು ಕುಗ್ಗುವುದೂ ಇಲ್ಲ.

ನವನಗರದಿಂದ

ಸರಿ ಸರ್. ಫೈಬ್ರಿನೋಜೆನ್ ನಾಳೆ ಕೊಡುತ್ತೇನೆ. ಎರಡನೇ ಸರ್ಜನ್ 3 ತಿಂಗಳು ತೂಕ ಬರೆದಿಡು ಅಂದಿದ್ದರು, ಅದನ್ನೂ ಈ ವಾರದಿಂದ ಶುರು ಮಾಡುತ್ತೇನೆ. ಆಮೇಲೆ ಇಬ್ಬರ ಮುಂದೆಯೂ ಇಡುತ್ತೇನೆ.